ಸ್ಕ್ಯಾನ್ ಮಾಡಿದ್ದು ಒಂದೇ ಚೀಟಿ, ಹಣ ಹೋದದ್ದು ಎಲ್ಲಿಂದ? ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡಿನ ಕಥೆ



ಊರಿಗೆ ಹೋದಾಗ ತರಕಾರಿ ಅಂಗಡಿಯಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲೆಡೆ ಕಾಣುವ ಆ ಚೌಕಳಿ ಚೌಕಳಿ ಚಿತ್ರವನ್ನು ನಾವೆಲ್ಲ ಸ್ಕ್ಯಾನ್ ಮಾಡಿಯೇ ಇರುತ್ತೇವೆ. ಮೊತ್ತ ಬರೆದು ಪಿನ್ ಒತ್ತಿದರೆ ಕೆಲಸ ಮುಗಿಯಿತು. ಹಣ ಬ್ಯಾಂಕಿನ ಉಳಿತಾಯ ಖಾತೆಯಿಂದ ಹೋಗುತ್ತದೆ ಎಂಬುದು ನಮ್ಮ ನಂಬಿಕೆ. ಬಹಳ ಕಾಲ ಅದು ನಿಜವೂ ಆಗಿತ್ತು. ಆದರೆ ಈಗ ಅದೇ ಚಿತ್ರವನ್ನು ಸ್ಕ್ಯಾನ್ ಮಾಡಿ, ಅದೇ ರೀತಿ ಪಿನ್ ಒತ್ತಿದರೂ ಹಣ ಕ್ರೆಡಿಟ್ ಕಾರ್ಡಿನ ಲೆಕ್ಕಕ್ಕೆ ಬೀಳಬಹುದು. ನಮ್ಮ ಸಂಘದ ಸದಸ್ಯರೊಬ್ಬರ ಮನೆಯಲ್ಲಿ ಹೀಗಾಗಿ ಎರಡು ತಿಂಗಳು ಯಾರಿಗೂ ತಿಳಿಯಲೇ ಇಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಆ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇವೆ.

ಸದಸ್ಯರ ತಂದೆ ಮೈಸೂರಿನಲ್ಲಿದ್ದಾರೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಪಿಂಚಣಿ ಬರುತ್ತದೆ, ಫೋನಿನಲ್ಲಿ ಹಣ ಕೊಡುವುದನ್ನು ಚೆನ್ನಾಗಿಯೇ ಕಲಿತಿದ್ದಾರೆ. ಮಾರ್ಚ್ ತಿಂಗಳಲ್ಲಿ ಠೇವಣಿ ನವೀಕರಿಸಲು ಬ್ಯಾಂಕಿಗೆ ಹೋದಾಗ ಅಲ್ಲಿಯವರು ಒಂದು ರುಪೇ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿಸಿದರು. ಕಾರ್ಡು ಬಂದ ಮೇಲೆ "ಫೋನಿಗೂ ಹಾಕಿಕೊಡ್ತೀವಿ ಸಾರ್" ಎಂದು ಪಾವತಿ ಆ್ಯಪ್‌ಗೂ ಜೋಡಿಸಿಕೊಟ್ಟರು. ಕಾರ್ಡು ಬೀರುವಿಗೆ ಹೋಯಿತು. ಮೇಷ್ಟ್ರು ಎಂದಿನಂತೆ ಅಂಗಡಿಗಳಲ್ಲಿ ಸ್ಕ್ಯಾನ್ ಮಾಡುತ್ತ ಹೋದರು. ಮೇ ಕೊನೆಯಲ್ಲಿ ಮಗ ಫೋನ್ ಮಾಡಿ "ಅಪ್ಪಾ, ಕಾರ್ಡಿನ ಬಾಕಿ ಕಟ್ಟಿಲ್ಲ ಅಂತ ಮೇಲ್ ಬಂದಿದೆಯಲ್ಲ?" ಎಂದಾಗ ಅವರು "ಯಾವ ಕಾರ್ಡು? ನಾನು ಬೀರುವಿನಿಂದ ಆಚೆಗೇ ತೆಗೆದಿಲ್ಲ ಕಣಪ್ಪ" ಎಂದರು. ಅವರು ಹೇಳಿದ್ದು ಅಕ್ಷರಶಃ ಸತ್ಯ!

ಚೀಟಿಯಲ್ಲಿ ಏನಿದೆ, ಏನಿಲ್ಲ

ಇದು ಹೇಗೆ ಸಾಧ್ಯ ಎಂದು ತಿಳಿಯಲು ಅಂಗಡಿಯ ಚೀಟಿಯಲ್ಲಿ ನಿಜಕ್ಕೂ ಏನಿರುತ್ತದೆ ಎಂದು ನೋಡಬೇಕು. ಆ ಚೌಕಳಿ ಚಿತ್ರವನ್ನು ಬಿಡಿಸಿದರೆ ಒಳಗೆ ಸಿಗುವುದು ಒಂದೇ ಒಂದು ಸಾಲು. ಕಿರಾಣಿ ಅಂಗಡಿಯೊಂದರದು ಹೀಗಿರಬಹುದು (ಹೆಸರು, ಸಂಖ್ಯೆ ನಾವು ಕಲ್ಪಿಸಿದ್ದು):

```
upi://pay?pa=angadi@bank&pn=Angadi&mc=5411&cu=INR
```

ಇದರಲ್ಲಿ pa ಎಂದರೆ ಹಣ ಪಡೆಯುವವರ ಯುಪಿಐ ವಿಳಾಸ, pn ಅವರ ಹೆಸರು, cu ನಾಣ್ಯ. mc ಎಂಬುದು ವ್ಯಾಪಾರದ ಬಗೆಯನ್ನು ಹೇಳುವ ನಾಲ್ಕಂಕಿಯ ಸಂಕೇತ; 5411 ಎಂದರೆ ದಿನಸಿ ಅಂಗಡಿ. ಅಷ್ಟೇ. ಹಣ ಯಾರಿಗೆ ಹೋಗಬೇಕು ಎಂಬುದು ಇಲ್ಲಿದೆ. ಹಣ ಎಲ್ಲಿಂದ ಬರಬೇಕು ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಇರಲು ಸಾಧ್ಯವೂ ಇಲ್ಲ, ಏಕೆಂದರೆ ನಾಳೆ ಬೆಳಿಗ್ಗೆ ಯಾರು ಬಂದು ಸ್ಕ್ಯಾನ್ ಮಾಡುತ್ತಾರೆ ಎಂದು ಗೋಡೆಗೆ ಅಂಟಿಸಿದ ಚೀಟಿಗೆ ಹೇಗೆ ತಿಳಿಯಬೇಕು?

ಹಣದ ಮೂಲವನ್ನು ಆರಿಸುವುದು ಕೊಡುವವರ ಫೋನಿನ ಆ್ಯಪ್. ನಿಮ್ಮ ಆ್ಯಪ್‌ನಲ್ಲಿ ನೀವು ಜೋಡಿಸಿದ ಖಾತೆಗಳ ಪಟ್ಟಿ ಇರುತ್ತದೆ: ಒಂದು ಉಳಿತಾಯ ಖಾತೆ, ಬೇಕಿದ್ದರೆ ಇನ್ನೊಂದು ಬ್ಯಾಂಕಿನ ಖಾತೆ, ಮತ್ತು ಈಗ ರುಪೇ ಕ್ರೆಡಿಟ್ ಕಾರ್ಡು. ಯುಪಿಐ ವ್ಯವಸ್ಥೆಯ ಕಣ್ಣಿಗೆ ಕ್ರೆಡಿಟ್ ಕಾರ್ಡು ಕೂಡ ಒಂದು ಖಾತೆಯೇ. ಒಳಗೆ ಹರಿಯುವ ಸಂದೇಶದಲ್ಲಿ ಖಾತೆಯ ಬಗೆ SAVINGS ಎಂದಿರುವ ಜಾಗದಲ್ಲಿ CREDIT ಎಂದಿರುತ್ತದೆ, ವ್ಯತ್ಯಾಸ ಅಷ್ಟೇ. ನಮ್ಮಂಥ ತಂತ್ರಾಂಶದವರಿಗೆ ಇದು ಬಹಳ ಅಚ್ಚುಕಟ್ಟಾದ ವಿನ್ಯಾಸ ಎನಿಸುತ್ತದೆ. ಅಂಗಡಿಯವರು ಕೋಟ್ಯಂತರ ಚೀಟಿಗಳಲ್ಲಿ ಒಂದನ್ನೂ ಬದಲಿಸದೆ ಕಾರ್ಡಿನ ಹಣ ಪಡೆಯುವಂತಾಯಿತು. ಆದರೆ ಬಳಸುವವರಿಗೆ ಎರಡರ ನಡುವಿನ ಗೆರೆ ಕಾಣದಂತಾದದ್ದೂ ಇದೇ ಅಚ್ಚುಕಟ್ಟಿನಿಂದ.

ಭಾರತೀಯ ರಿಸರ್ವ್ ಬ್ಯಾಂಕು ಇದಕ್ಕೆ ಅನುಮತಿ ಘೋಷಿಸಿದ್ದು 2022ರ ಜೂನ್ 8ರಂದು. ಸೆಪ್ಟೆಂಬರ್ 20ರಂದು ಸೇವೆಗೆ ಚಾಲನೆ ಸಿಕ್ಕಿತು. ಮೊದಲಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕ್, ಯೂನಿಯನ್ ಬ್ಯಾಂಕ್ ಮತ್ತು ಇಂಡಿಯನ್ ಬ್ಯಾಂಕಿನ ಗ್ರಾಹಕರಿಗೆ, ಭೀಮ್ ಆ್ಯಪ್‌ನಲ್ಲಿ. ಆಮೇಲೆ ಉಳಿದವರೂ ಸೇರಿಕೊಂಡರು. ಯುಪಿಐಯನ್ನೂ ರುಪೇ ಕಾರ್ಡನ್ನೂ ನಡೆಸುವುದು ಒಂದೇ ಸಂಸ್ಥೆ, ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್. ವೀಸಾ, ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡುಗಳಿಗೆ ಈ ದಾರಿ ತೆರೆದಿಲ್ಲ. ಹಲವರು "ನನ್ನ ವೀಸಾ ಕಾರ್ಡೂ ಆ್ಯಪ್‌ನಲ್ಲಿದೆಯಲ್ಲ" ಎನ್ನುತ್ತಾರೆ. ಅದು ಇರುವುದು ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್ಲು ಮುಂತಾದವನ್ನು ಆ್ಯಪ್‌ನೊಳಗೇ ಕಟ್ಟಲು. ಅಂಗಡಿಯ ಚೀಟಿ ಸ್ಕ್ಯಾನ್ ಮಾಡಿದಾಗ ಅದು ಪಟ್ಟಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ನಿಮ್ಮ ತಂದೆತಾಯಿಯ ಬಳಿ ಇರುವುದು ಬರೀ ವೀಸಾ ಕಾರ್ಡಾದರೆ ಈ ಲೇಖನದ ಚಿಂತೆ ಅವರಿಗಿಲ್ಲ!

ಜೋಡಿಸುವುದು ಹೇಗೆ

ಆ್ಯಪ್‌ನಲ್ಲಿ ರುಪೇ ಕ್ರೆಡಿಟ್ ಕಾರ್ಡ್ ಸೇರಿಸುವ ಆಯ್ಕೆ ಒತ್ತಿ ಬ್ಯಾಂಕಿನ ಹೆಸರು ಆರಿಸಿದರೆ ಸಾಕು, ಆ್ಯಪ್ ಕಾರ್ಡಿನ ಪೂರ್ತಿ ಸಂಖ್ಯೆ ಕೇಳುವುದಿಲ್ಲ. ಬದಲಿಗೆ ಫೋನ್ ನಂಬರನ್ನು ಹಿಡಿದು "ಈ ನಂಬರಿನ ಮೇಲೆ ನಿಮ್ಮಲ್ಲಿ ಯಾವ ಕಾರ್ಡಿದೆ?" ಎಂದು ಬ್ಯಾಂಕನ್ನು ಕೇಳುತ್ತದೆ. ಬ್ಯಾಂಕು ಕೊನೆಯ ನಾಲ್ಕಂಕಿ ಮಾತ್ರ ಕಾಣುವಂತೆ ಕಾರ್ಡನ್ನು ತೋರಿಸುತ್ತದೆ. ಅದನ್ನು ಒಪ್ಪಿ, ಕಾರ್ಡಿನ ಕೊನೆಯ ಆರು ಅಂಕಿ ಹಾಗೂ ಮುಗಿಯುವ ತಿಂಗಳು-ವರ್ಷ ಕೊಟ್ಟರೆ ಒಂದು ಓಟಿಪಿ ಬರುತ್ತದೆ. ಅದನ್ನು ಹಾಕಿ ಕಾರ್ಡಿಗೆಂದೇ ಒಂದು ಹೊಸ ಯುಪಿಐ ಪಿನ್ ಇಟ್ಟುಕೊಳ್ಳಬೇಕು. ಇದು ಕಾರ್ಡನ್ನು ಯಂತ್ರದಲ್ಲಿ ಉಜ್ಜುವಾಗ ಬಳಸುವ ಪಿನ್ ಅಲ್ಲ, ಉಳಿತಾಯ ಖಾತೆಯ ಯುಪಿಐ ಪಿನ್ನೂ ಅಲ್ಲ. ಮೇಷ್ಟ್ರ ಕಥೆಯಲ್ಲಿ ಈ ಪಿನ್ನಿನ ಪಾತ್ರ ದೊಡ್ಡದು, ಮುಂದೆ ಹೇಳುತ್ತೇವೆ.

ಎಲ್ಲವೂ ಮೊಬೈಲ್ ನಂಬರಿನ ಮೇಲೆ ನಿಂತಿರುವುದರಿಂದ ನಮ್ಮಂಥ ಹೊರನಾಡಿನವರಿಗೆ ಒಂದು ತೊಡಕಿದೆ. 2023ರಿಂದ ಸಿಂಗಪುರದ ನಂಬರಿನಲ್ಲೂ ಎನ್ಆರ್‌ಇ ಹಾಗೂ ಎನ್ಆರ್‌ಒ ಖಾತೆಗಳನ್ನು ಯುಪಿಐಗೆ ಜೋಡಿಸಲು ಅವಕಾಶವಿದೆ. ಆದರೆ ನಿಮ್ಮ ಖಾತೆ ಸಿಂಗಪುರದ ನಂಬರಿನಲ್ಲಿದ್ದು, ಹಳೆಯ ಕಾರ್ಡು ಊರಿನ ನಂಬರಿನಲ್ಲಿದ್ದರೆ ಆ್ಯಪ್‌ಗೆ ಕಾರ್ಡು ಸಿಗುವುದಿಲ್ಲ. ಅದು ಆ್ಯಪ್‌ನ ದೋಷವಲ್ಲ, ಕೇಳಿದ ನಂಬರಿಗೆ ಬ್ಯಾಂಕಿನಲ್ಲಿ ಕಾರ್ಡೇ ಇಲ್ಲ.

ಪಿನ್ ಒತ್ತಿದ ಮೇಲೆ

ಈಗ ಮೇಷ್ಟ್ರ ಜೊತೆ ಔಷಧಿ ಅಂಗಡಿಗೆ ಹೋಗೋಣ. 1460 ರೂಪಾಯಿಯ ಮಾತ್ರೆಗಳು. ಅವರು ಸ್ಕ್ಯಾನ್ ಮಾಡಿದರು, ಆ್ಯಪ್ ಅಂಗಡಿಯ ವಿಳಾಸವನ್ನು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನ ಕೇಂದ್ರಕ್ಕೆ ಕಳಿಸಿತು. ಕೇಂದ್ರ ಅಂಗಡಿಯವರ ಬ್ಯಾಂಕನ್ನು ಕೇಳಿ, ಇದು ವ್ಯಕ್ತಿಯ ವಿಳಾಸವೋ ವ್ಯಾಪಾರಿಯದೋ, ವ್ಯಾಪಾರವಾದರೆ ಯಾವ ಬಗೆಯದು ಎಂದು ಖಚಿತ ಮಾಡಿಕೊಂಡಿತು. ಮೇಷ್ಟ್ರು ಮೊತ್ತ ಬರೆದರು. ಪರದೆಯ ಕೆಳಭಾಗದಲ್ಲಿ ಹಣದ ಮೂಲವಾಗಿ ಕಾರ್ಡು ಮೊದಲೇ ಆಯ್ಕೆಯಾಗಿ ಕೂತಿತ್ತು, ಅವರು ಗಮನಿಸಲಿಲ್ಲ. ಪಿನ್ ಒತ್ತಿದರು. ಕೇಂದ್ರವು "1460 ಕಳೆಯಿರಿ" ಎಂಬ ಕೋರಿಕೆಯನ್ನು ಉಳಿತಾಯ ಖಾತೆಯ ಲೆಕ್ಕಕ್ಕಲ್ಲ, ಕಾರ್ಡು ಕೊಟ್ಟ ಬ್ಯಾಂಕಿನ ಕಾರ್ಡು ವಿಭಾಗಕ್ಕೆ ತಲುಪಿಸಿತು. ಅಲ್ಲಿ ಪಿನ್ ಸರಿಯಿದೆಯೇ, ಸಾಲದ ಮಿತಿಯಲ್ಲಿ ಅಷ್ಟು ಜಾಗವಿದೆಯೇ ಎಂದು ನೋಡಿ ಒಪ್ಪಿಗೆ ಬಂತು. ಅಂಗಡಿಯ ಪೆಟ್ಟಿಗೆ "ಒಂದು ಸಾವಿರದ ನಾನೂರ ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗಿತು. ಇಡೀ ವ್ಯವಹಾರ ಕೆಲವೇ ಕ್ಷಣ. ಅಂಗಡಿಯವರಿಗೆ ಕಾರ್ಡಿನ ಸಂಖ್ಯೆ ಹೋಗಲಿಲ್ಲ, ಮೇಷ್ಟ್ರ ಖಾತೆಯಿಂದ ಒಂದು ಪೈಸೆಯೂ ಹೋಗಲಿಲ್ಲ. ಬ್ಯಾಂಕು ಅವರ ಹೆಸರಿನಲ್ಲಿ 1460 ರೂಪಾಯಿ ಸಾಲ ಬರೆದುಕೊಂಡಿತು, ಅಷ್ಟೇ.

ಅಂದಹಾಗೆ ಅಂಗಡಿಯವರಿಗೆ ಇದು ಯಾವಾಗಲೂ ಪುಕ್ಕಟೆಯಲ್ಲ. ಬ್ಯಾಂಕು ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡಿನಿಂದ ಬಂದರೆ, ಸಣ್ಣ ವ್ಯಾಪಾರಿಗಳಿಗೆ 2000 ರೂಪಾಯಿವರೆಗೆ ವಿನಾಯಿತಿ ಇದ್ದರೂ ಅದರಾಚೆಗೆ ಶೇಕಡಾವಾರು ಶುಲ್ಕ ಬೀಳುತ್ತದೆ. ಅದಕ್ಕೇ ಕೆಲವು ಅಂಗಡಿಗಳಲ್ಲಿ "ಸ್ಕ್ಯಾನ್ ಮಾಡಿ, ಆದ್ರೆ ಕ್ರೆಡಿಟ್ ಕಾರ್ಡ್ ಬೇಡ ಸಾರ್" ಎನ್ನುವುದು.

ಕಾರ್ಡು ಎಲ್ಲ ಕಡೆಯೂ ನಡೆಯುವುದಿಲ್ಲ ಎಂಬುದೂ ತಿಳಿದಿರಲಿ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳಿಸಲು ಅದನ್ನು ಬಳಸುವಂತಿಲ್ಲ. ಹೂವಿನವರು, ಎಳನೀರಿನವರು ಹಲವು ಸಲ ತಮ್ಮ ಸ್ವಂತ ಖಾತೆಯ ಚೀಟಿಯನ್ನೇ ಇಟ್ಟಿರುತ್ತಾರೆ. ಅಲ್ಲಿ ಆ್ಯಪ್ ಕಾರ್ಡನ್ನು ಮಸುಕಾಗಿಸಿ ಉಳಿತಾಯ ಖಾತೆಯನ್ನು ಮುಂದೆ ತರುತ್ತದೆ. ಮೇಷ್ಟ್ರಿಗೆ ಗೊಂದಲವಾದದ್ದು ಇದರಿಂದಲೇ. ಹೂವು, ಸೊಪ್ಪು, ಆಟೋ ಬಾಡಿಗೆ ಎಲ್ಲ ಖಾತೆಯಿಂದ ಹೋಗುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಕಾಣುತ್ತಿತ್ತು. ದೊಡ್ಡ ಅಂಗಡಿಗಳ ಮೊತ್ತ ಮಾತ್ರ ಕಾರ್ಡಿಗೆ ಹೋಗುತ್ತಿತ್ತು. ಖಾತೆಯಲ್ಲಿ ಹಣ ಸ್ವಲ್ಪ ಹೆಚ್ಚೇ ಉಳಿದಿದೆ ಎನಿಸಿದಾಗ ಅವರು ತುಟ್ಟಿಭತ್ಯೆಯ ಬಾಕಿ ಬಂದಿರಬೇಕು ಎಂದುಕೊಂಡರಂತೆ!

ಹಾಗಾದರೆ ಕಾರ್ಡು ಮೊದಲೇ ಆಯ್ಕೆಯಾಗಿ ಕೂರುವುದೇಕೆ? ಇದು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ಕೆಲವು ನೀವು ಮುಖ್ಯ ಎಂದು ಗುರುತಿಸಿದ ಖಾತೆಯನ್ನು ತೋರಿಸುತ್ತವೆ, ಕೆಲವು ಕಳೆದ ಸಲ ಬಳಸಿದ್ದನ್ನು. ಮೇಷ್ಟ್ರ ಫೋನಿನಲ್ಲಿ ಜೋಡಿಸಿಕೊಟ್ಟವರು ಪರೀಕ್ಷೆಗೆಂದು ಒಂದು ಸಣ್ಣ ಪಾವತಿ ಮಾಡಿ ತೋರಿಸಿದ್ದರು, ಕಾರ್ಡನ್ನು ಮುಖ್ಯ ಎಂದೂ ಗುರುತಿಸಿದ್ದರು. ಖಾತೆ ಮತ್ತು ಕಾರ್ಡು ಎರಡೂ ಒಂದೇ ಬ್ಯಾಂಕಿನವು, ಆದ್ದರಿಂದ ಪರದೆಯ ಮೇಲೆ ಬ್ಯಾಂಕಿನ ಚಿಹ್ನೆಯೂ ಒಂದೇ. ವ್ಯತ್ಯಾಸವಿದ್ದದ್ದು ಕೊನೆಯ ನಾಲ್ಕಂಕಿ ಮತ್ತು ರುಪೇ ಎಂಬ ಪುಟ್ಟ ಗುರುತಿನಲ್ಲಿ. ಎಪ್ಪತ್ತು ದಾಟಿದ ಕಣ್ಣಿಗೆ, ಬಿಸಿಲಿನಲ್ಲಿ, ಹಿಂದೆ ಸಾಲು ನಿಂತಿರುವಾಗ ಅದು ಕಾಣಲಿಲ್ಲ.

ಆದರೂ ಒಂದು ಕಾವಲು ಉಳಿದಿತ್ತು, ಪಿನ್. ಖಾತೆಗೊಂದು, ಕಾರ್ಡಿಗೊಂದು ಬೇರೆ ಪಿನ್ ಇದ್ದಿದ್ದರೆ ಅವರು ಖಾತೆಯ ಪಿನ್ ಒತ್ತಿದಾಗ ಪಾವತಿ ತಿರಸ್ಕಾರವಾಗಿ, ಮೊದಲ ದಿನವೇ ಗುಟ್ಟು ಹೊರಬೀಳುತ್ತಿತ್ತು. ಆದರೆ "ಮರೆಯದೆ ಇರಲಿ" ಎಂದು ಎರಡಕ್ಕೂ ಒಂದೇ ಪಿನ್ ಇಟ್ಟಿದ್ದರು. ನಮ್ಮಲ್ಲೂ ಹೀಗೆ ಮಾಡಿದವರು ಎಷ್ಟೋ ಮಂದಿ ಇರಬೇಕು (ಬರೆಯುತ್ತಿರುವ ನಾವೂ ಸೇರಿ).

ಲೆಕ್ಕ ಎಷ್ಟಾಯಿತು

ಮೊದಲ ತಿಂಗಳ ಬಿಲ್ಲು ಏಪ್ರಿಲ್ 18ಕ್ಕೆ ಸಿದ್ಧವಾಯಿತು. ಸೂಪರ್ ಮಾರ್ಕೆಟ್ 2180, ಔಷಧಿ 1460, ರಕ್ತಪರೀಕ್ಷೆ ಮುಂತಾದವು 3200, ಹೋಟೆಲು 480, ಪೆಟ್ರೋಲು 1000, ಬಟ್ಟೆ 3320, ಒಟ್ಟು 11640 ರೂಪಾಯಿ. ಕಟ್ಟಲು ಕೊನೆಯ ದಿನ ಮೇ 8. ಬಿಲ್ಲು ಹೋದದ್ದು ಮಗ ಎಷ್ಟೋ ವರ್ಷದ ಹಿಂದೆ ತಂದೆಗಾಗಿ ತೆರೆದಿದ್ದ, ಯಾರೂ ನೋಡದ ಮಿಂಚಂಚೆ ವಿಳಾಸಕ್ಕೆ. ಬ್ಯಾಂಕಿನಿಂದ ನೆನಪಿನ ಕರೆಗಳೂ ಬಂದಿದ್ದವು. "ಕಾರ್ಡು, ಬಾಕಿ ಅಂತ ಯಾರೇ ಫೋನ್ ಮಾಡಿದರೂ ಇಟ್ಟುಬಿಡಿ, ಮೋಸಗಾರರು" ಎಂದು ಮಗನೇ ಕಲಿಸಿದ್ದರಿಂದ ಮೇಷ್ಟ್ರು ಶ್ರದ್ಧೆಯಿಂದ ಎಲ್ಲ ಕರೆಗಳನ್ನೂ ಕತ್ತರಿಸಿದರು.

ಬಾಕಿ ಪೂರ್ತಿ ಕಟ್ಟದಿದ್ದರೆ ಬಡ್ಡಿ ಎಣಿಸುವುದು ಕೊನೆಯ ದಿನದಿಂದಲ್ಲ, ಪ್ರತಿ ಖರೀದಿಯ ದಿನದಿಂದ. ಅಷ್ಟೇ ಅಲ್ಲ, ಮುಂದಿನ ತಿಂಗಳ ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ಅವಧಿ ಇಲ್ಲವಾಗುತ್ತದೆ. ಅವರ ಕಾರ್ಡಿನ ದರ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. ಮೊದಲ ತಿಂಗಳ 11640ಕ್ಕೆ ಮೇ 18ರವರೆಗೆ ಸರಾಸರಿ 45 ದಿನ, ಎರಡನೆಯ ತಿಂಗಳ ಸುಮಾರು 9000ಕ್ಕೆ ಸರಾಸರಿ 15 ದಿನ ಎಂದು ಲೆಕ್ಕ ಹಾಕಿದರೆ ಬಡ್ಡಿ ಸುಮಾರು 758 ರೂಪಾಯಿ. ಆ ಬ್ಯಾಂಕಿನ ಪಟ್ಟಿಯಂತೆ ತಡಪಾವತಿ ಶುಲ್ಕ 750. ಇವೆರಡರ ಮೇಲೆ ಶೇ. 18 ಜಿಎಸ್‌ಟಿ 271. ಒಟ್ಟು 1779 ರೂಪಾಯಿ, ಅದೂ ಉಳಿತಾಯ ಖಾತೆಯಲ್ಲಿ ಲಕ್ಷಕ್ಕೂ ಮೇಲೆ ಹಣವಿದ್ದ ಮನುಷ್ಯರಿಗೆ! ಕೇಳಿಕೊಂಡ ಮೇಲೆ ಬ್ಯಾಂಕು ತಡಶುಲ್ಕವನ್ನು ಬಿಟ್ಟುಕೊಟ್ಟಿತು, ಬಡ್ಡಿಯನ್ನು ಬಿಡಲಿಲ್ಲ. ಮೇಷ್ಟ್ರಿಗೆ ದುಡ್ಡಿಗಿಂತ ಹೆಚ್ಚು ನೋವಾದದ್ದು "ಜೀವಮಾನದಲ್ಲಿ ಸಾಲ ಮಾಡದವನು ಸುಸ್ತಿದಾರ ಅನ್ನಿಸಿಕೊಂಡೆನಲ್ಲ" ಎಂಬುದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಕಾರ್ಡಿನಿಂದ ಹೋದದ್ದೇ ನಷ್ಟವಲ್ಲ. ಮೇ 8ರೊಳಗೆ 11640 ಪೂರ್ತಿ ಕಟ್ಟಿದ್ದರೆ ಒಂದು ರೂಪಾಯಿಯೂ ಹೆಚ್ಚು ಬೀಳುತ್ತಿರಲಿಲ್ಲ. ಹೋದದ್ದು ತಿಳಿಯದೆ ಇದ್ದದ್ದೇ ನಷ್ಟಕ್ಕೆ ಕಾರಣ.

ತಿಳಿಯುವುದು ಹೇಗೆ, ಸರಿಪಡಿಸುವುದು ಹೇಗೆ

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಮೊದಲು ಬ್ಯಾಂಕಿನ ಎಸ್ಎಂಎಸ್ ಓದಿಸಿ. ಖಾತೆಯಿಂದ ಹೋದರೆ ಸಾಮಾನ್ಯವಾಗಿ A/c ಮತ್ತು debited ಎಂಬ ಪದಗಳಿರುತ್ತವೆ. ಕಾರ್ಡಾದರೆ Credit Card ಎಂದಿದ್ದು, ಜೊತೆಗೆ ಅನೇಕ ಬ್ಯಾಂಕುಗಳು spent ಎಂದು ಬರೆಯುತ್ತವೆ. ಆ್ಯಪ್‌ನ ಹಳೆಯ ಪಾವತಿಗಳಲ್ಲಿ ಒಂದನ್ನು ತೆರೆದರೂ ಯಾವ ಮೂಲದಿಂದ ಹೋಯಿತು ಎಂಬುದು ಕೊನೆಯ ನಾಲ್ಕಂಕಿಯೊಂದಿಗೆ ಕಾಣುತ್ತದೆ. ಪಿನ್ ಒತ್ತುವ ಪರದೆಯ ಮೇಲ್ಭಾಗದಲ್ಲೂ ಬ್ಯಾಂಕಿನ ಹೆಸರು, ಕೊನೆಯ ಅಂಕಿಗಳು ಇರುತ್ತವೆ. ಮನೆಯವರಿಗೆ ಖಾತೆಯ ನಾಲ್ಕಂಕಿ ಬಾಯಿಪಾಠವಿದ್ದರೆ ಅಲ್ಲೇ ನಿಂತು ಹಿಂದಕ್ಕೆ ಬರಬಹುದು.

ಒಮ್ಮೆ ಕಾರ್ಡಿಗೆ ಬಿದ್ದ ಮೊತ್ತವನ್ನು "ಇದನ್ನು ಖಾತೆಗೆ ಬದಲಿಸಿ" ಎಂದರೆ ಆಗುವುದಿಲ್ಲ. ಪಾವತಿ ಮುಗಿದಿದೆ, ಅಂಗಡಿಗೆ ಹಣ ಸೇರಿದೆ. ಆದರೆ ಬಿಲ್ಲು ಬರುವವರೆಗೆ ಕಾಯಬೇಕಿಲ್ಲ. ಅಷ್ಟೇ ಮೊತ್ತವನ್ನು ಅಂದೇ ಖಾತೆಯಿಂದ ಕಾರ್ಡಿಗೆ ಕಟ್ಟಿಬಿಡಬಹುದು. ಅಂಗಡಿಯವರು ಸಾಮಾನು ವಾಪಸು ತೆಗೆದುಕೊಂಡು ಹಣ ಹಿಂತಿರುಗಿಸಿದರೆ ಅದು ಹೋದ ದಾರಿಯಲ್ಲೇ ಕಾರ್ಡಿಗೆ ಬರುತ್ತದೆ, ಖಾತೆಯಲ್ಲಿ ಹುಡುಕಬೇಡಿ. ಇನ್ನು ಪ್ರತಿ ತಿಂಗಳು ತಾನೇ ಕಡಿತವಾಗುವ ಆಟೋಪೇ ಏನಾದರೂ ಕಾರ್ಡು ಆಯ್ಕೆಯಾಗಿದ್ದಾಗ ಆರಂಭಿಸಿದ್ದರೆ, ನೀವು ಮುಖ್ಯ ಖಾತೆಯನ್ನು ಬದಲಿಸಿದ ಮೇಲೂ ಅದು ಕಾರ್ಡಿನಿಂದಲೇ ಹೋಗುತ್ತಿರುತ್ತದೆ. ಅದನ್ನು ಬೇರೆಯಾಗಿಯೇ ರದ್ದು ಮಾಡಿ ಖಾತೆಯ ಮೇಲೆ ಹೊಸದಾಗಿ ಇಡಬೇಕು.

ಮೇಷ್ಟ್ರ ಮನೆಯಲ್ಲಿ ಕೊನೆಗೆ ಮಾಡಿದ್ದು ಹೀಗೆ. ಮಗ ವಿಡಿಯೋ ಕರೆಯಲ್ಲಿ ಕೂತು, ತಂದೆಯಿಂದಲೇ ದಿನ ಬಳಸುವ ಆ್ಯಪ್‌ನ ಪಟ್ಟಿಯಿಂದ ಕಾರ್ಡನ್ನು ತೆಗೆಸಿದರು. ಹೀಗೆ ತೆಗೆದರೆ ಕಾರ್ಡು ರದ್ದಾಗುವುದಿಲ್ಲ, ಬಾಕಿಯೂ ಮಾಯವಾಗುವುದಿಲ್ಲ. ಆ ಆ್ಯಪ್‌ಗೂ ಕಾರ್ಡಿಗೂ ಇದ್ದ ಕೊಂಡಿ ಮಾತ್ರ ಕಳಚುತ್ತದೆ. ಕಾರ್ಡನ್ನು ಇನ್ನೊಂದು ಆ್ಯಪ್‌ಗೆ, ಬೇರೆ ಪಿನ್ನಿನೊಂದಿಗೆ ಜೋಡಿಸಿ, ಆ ಆ್ಯಪ್‌ನಲ್ಲಿ ಬೇರೇನೂ ಇಡಲಿಲ್ಲ. ಬ್ಯಾಂಕಿನಲ್ಲಿ ಮಿಂಚಂಚೆ ವಿಳಾಸ ಬದಲಾಯಿಸಿ ಮಗನದನ್ನು ಕೊಟ್ಟರು. ಬಾಕಿ ಪ್ರತಿ ತಿಂಗಳು ಉಳಿತಾಯ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಡುವಾಗ ಫಾರಂನಲ್ಲಿ ಕನಿಷ್ಠ ಮೊತ್ತ, ಪೂರ್ತಿ ಮೊತ್ತ ಎಂಬ ಎರಡು ಚೌಕಗಳಿದ್ದವು. ಪೂರ್ತಿ ಮೊತ್ತಕ್ಕೇ ಗುರುತು ಹಾಕಿಸಿದರು, ಏಕೆಂದರೆ ಕನಿಷ್ಠ ಮಾತ್ರ ಕಟ್ಟಿದರೆ ತಡಶುಲ್ಕ ತಪ್ಪುತ್ತದೆಯೇ ಹೊರತು ಶೇ. 42ರ ಬಡ್ಡಿ ತಪ್ಪುವುದಿಲ್ಲ.

ಈಗ ಮೇಷ್ಟ್ರು ಪೆಟ್ರೋಲಿಗೆ ಮಾತ್ರ ಎರಡನೆಯ ಆ್ಯಪ್ ತೆರೆಯುತ್ತಾರಂತೆ. ಉಳಿದದ್ದೆಲ್ಲ ಖಾತೆಯಿಂದ, ಪಾಸ್‌ಬುಕ್ಕಿಗೆ ತಾಳೆ ನೋಡಿಕೊಂಡು.